ಕಲಬುರಗಿಯಿಂದ ಪೀಣ್ಯಕ್ಕೆ ಒಂದು ಸಂದರ್ಶನ

ಕಲಬುರಗಿಯ ಒಂದು ಆಡಿಟರ್ ಆಫೀಸಿನಲ್ಲಿ ಮೂರು ವರ್ಷದಿಂದ ಕೆಲಸ ಮಾಡುತ್ತಿರುವ ಯುವತಿಯೊಬ್ಬಳಿಗೆ 17ನೇ ತಾರೀಕು, ಮಂಗಳವಾರ ಸಂಜೆ ಬೆಂಗಳೂರಿನಿಂದ ಫೋನ್ ಬರುತ್ತದೆ ಎಂದು ಇಟ್ಟುಕೊಳ್ಳಿ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಅಕೌಂಟ್ಸ್ ಎಕ್ಸಿಕ್ಯುಟಿವ್ ಹುದ್ದೆ ಖಾಲಿಯಿದೆ. ನೌಕರಿ ಜಾಲತಾಣದಲ್ಲಿ ಆಕೆಯ ರೆಸ್ಯೂಮ್ ನೋಡಿದ್ದಾರೆ. ಫೋನಿನಲ್ಲಿರುವ ಎಚ್‌ಆರ್ ಹುಡುಗಿ ಹೇಳುವುದು ಇಷ್ಟು: "ಶುಕ್ರವಾರ 20ಕ್ಕೆ, ಬೆಳಗ್ಗೆ ಹನ್ನೊಂದಕ್ಕೆ ಫೇಸ್ ಟು ಫೇಸ್ ಇದೆ. ಒರಿಜಿನಲ್ ಡಾಕ್ಯುಮೆಂಟ್ಸ್ ತಗೊಂಡು ಬನ್ನಿ. ಬರ್ತೀರಲ್ವಾ?"

ನೂರರಲ್ಲಿ ತೊಂಬತ್ತು ಜನ ಈ ಪ್ರಶ್ನೆಗೆ ಗಾಬರಿಯಲ್ಲೇ "ಹೂಂ ಮೇಡಂ, ಬರ್ತೀನ್ರಿ" ಅಂದುಬಿಡುತ್ತಾರೆ. ಫೋನ್ ಇಟ್ಟ ಮೇಲೆ ಯೋಚನೆ ಶುರುವಾಗುತ್ತದೆ. ಕಲಬುರಗಿಯಿಂದ ಬೆಂಗಳೂರು ಅಂದರೆ ಉದ್ಯಾನ್ ಎಕ್ಸ್‌ಪ್ರೆಸ್ಸೋ ಬಸವ ಎಕ್ಸ್‌ಪ್ರೆಸ್ಸೋ ಹಿಡಿದು ಇಡೀ ರಾತ್ರಿಯ ಪ್ರಯಾಣ. ಬೆಳಗ್ಗೆ ಇಳಿದ ಮೇಲೆ ಮುಖ ತೊಳೆದು ಸೀರೆಯೋ ಚೂಡಿದಾರವೋ ಬದಲಾಯಿಸಲು ಒಂದು ಜಾಗ ಬೇಕು. ಸಂಬಂಧಿಕರ ಮನೆ ಇದ್ದರೆ ಅದು ಪೀಣ್ಯದ ದಿಕ್ಕಿಗೇ ಇರುತ್ತದೆ ಎಂದೇನಿಲ್ಲ. ಸಂದರ್ಶನ ಮುಗಿಸಿ ಮತ್ತೆ ಒಂದು ರಾತ್ರಿ ವಾಪಸ್. ಅರ್ಧ ಗಂಟೆಯ ಮಾತಿಗೆ ಎರಡು ರಾತ್ರಿ ಮತ್ತು ಒಂದು ರಜೆ ಹೋಗುತ್ತದೆ. ಇಷ್ಟೆಲ್ಲ ಹೇಗೋ ಹೊಂದಿಸಿಕೊಂಡರೂ ಆಕೆಗೆ ಇನ್ನೊಂದು ತೊಡಕಿದೆ. 20ನೇ ತಾರೀಕು ಜಿಎಸ್‌ಟಿಆರ್-3ಬಿ ಸಲ್ಲಿಸಲು ಕೊನೆಯ ದಿನ. ಬೇಳೆ ಮಿಲ್ಲು, ಹಾರ್ಡ್‌ವೇರ್ ಅಂಗಡಿ, ಸಿಮೆಂಟ್ ಡೀಲರ್ ಹೀಗೆ ಆಫೀಸಿನ ಗಿರಾಕಿಗಳ ಲೆಕ್ಕವೆಲ್ಲ ಅಂದೇ ಮೇಜಿನ ಮೇಲಿರುತ್ತದೆ. ಒಂದು ದಿನ ತಡವಾದರೂ ಲೇಟ್ ಫೀ ಬೀಳುತ್ತದೆ. ಆ ದಿನ ಆಡಿಟರ್ ಆಫೀಸಿನಲ್ಲಿ ಯಾರಿಗೂ ರಜೆ ಸಿಗುವುದಿಲ್ಲ.

ಹೀಗಾಗಿ ಸಂದರ್ಶನವನ್ನು ವಿಡಿಯೊದಲ್ಲಿ ಮಾಡಿ ಎಂದು ಕೇಳಬೇಕು. ಕೇಳಿದರೆ ಕೆಲಸವೇ ಕೈತಪ್ಪುತ್ತದೆ ಎಂಬ ಹೆದರಿಕೆ ಸಣ್ಣ ಊರುಗಳ ಅಭ್ಯರ್ಥಿಗಳಲ್ಲಿ ಬಹಳ ಇದೆ. ನೇಮಕಾತಿಯ ಕೆಲಸವನ್ನು ಹತ್ತಿರದಿಂದ ನೋಡಿದವನಾಗಿ ಹೇಳುತ್ತೇನೆ, ಕೇಳಿದ್ದಕ್ಕೆ ಯಾರ ಹೆಸರನ್ನೂ ಪಟ್ಟಿಯಿಂದ ತೆಗೆಯುವುದಿಲ್ಲ. ಹೆಸರು ಹೋಗುವುದು ಬರುತ್ತೇನೆ ಎಂದು ಹೇಳಿ ಬಾರದಿದ್ದಾಗ, ಇಲ್ಲವೇ ಹಿಂದಿನ ರಾತ್ರಿ ಹನ್ನೊಂದಕ್ಕೆ ವಾಟ್ಸಾಪಿನಲ್ಲಿ "ಮೇಡಂ, ಜ್ವರ" ಎಂದು ಬರೆದಾಗ.

ಫೋನಿನಲ್ಲೇ ಆಡಬೇಕಾದ ಮಾತು ಚಿಕ್ಕದು. "ಮೇಡಂ, ನಾನು ಕಲಬುರಗಿಯಾಗ ಇದ್ದೀನ್ರಿ. ಟೆಸ್ಟ್ ಏನರ ಐತೇನ್ರಿ, ಬರೇ ಮಾತಾಡೋದೇನ್ರಿ? ನೀವು ಮೇಲ್ ಕಳಸ್ರಿ, ನಾ ಇವತ್ತ ರಾತ್ರಿನೇ ಉತ್ತರ ಹಾಕ್ತೀನಿ." ಇಷ್ಟು ಸಾಕು. ಈ ಕರೆಯಲ್ಲೇ ವಿಡಿಯೊ ಮಾಡಿ ಎಂದು ಪಟ್ಟು ಹಿಡಿಯುವುದರಿಂದ ಪ್ರಯೋಜನವಿಲ್ಲ, ಏಕೆಂದರೆ ಫೋನ್ ಮಾಡಿದ ಹುಡುಗಿಗೆ ಅದನ್ನು ತೀರ್ಮಾನಿಸುವ ಅಧಿಕಾರವಿಲ್ಲ. ಆಕೆಯ ಕೆಲಸ ಹೊತ್ತು ಗೊತ್ತುಮಾಡುವುದು, ಕೊಠಡಿ ಕಾದಿರಿಸುವುದು, ಬರುವವರ ಪಟ್ಟಿ ಕಳಿಸುವುದು. ತೀರ್ಮಾನ ಮಾಡುವವರು ಅಕೌಂಟ್ಸ್ ಮ್ಯಾನೇಜರ್, ಅವರ ಮೇಲೆ ಫೈನಾನ್ಸ್ ಹೆಡ್. ಎಚ್‌ಆರ್ ಅವರನ್ನು ಕೇಳಬೇಕು. ಕೇಳುವಾಗ ನಿಮ್ಮ ಪರವಾಗಿ ವಾದ ಮಾಡುವಷ್ಟು ಪುರುಸೊತ್ತು ಆಕೆಗೆ ಇರುವುದಿಲ್ಲ, ಅಂಥ ಹುದ್ದೆಗಳು ಅವಳ ಕೈಯಲ್ಲಿ ಹಲವು ಇರುತ್ತವೆ. ಆದ್ದರಿಂದ ನಿಮ್ಮ ಮೇಲ್ ಹೇಗಿರಬೇಕೆಂದರೆ, ಆಕೆ ಒಂದು ಅಕ್ಷರವನ್ನೂ ಸೇರಿಸದೆ ಅದನ್ನೇ ಮ್ಯಾನೇಜರ್‌ಗೆ ಫಾರ್ವರ್ಡ್ ಮಾಡಬಹುದು, ಅವರು ಮೊಬೈಲಿನಲ್ಲಿ ಓದಿ ಒಂದೇ ಪದದಲ್ಲಿ "ಓಕೆ" ಅನ್ನಬಹುದು. ಇಡೀ ವಿಷಯದಲ್ಲಿ ನನಗೆ ಮುಖ್ಯವೆನಿಸುವುದು ಇದೇ.

ಮೇಲ್ ಬರೆಯುವ ಮೊದಲು ಆ ಕಂಪನಿ ಖುದ್ದಾಗಿಯೇ ಬನ್ನಿ ಎಂದು ಏಕೆ ಕರೆಯುತ್ತಿದೆ ಎಂಬುದನ್ನು ಸ್ವಲ್ಪ ತಿಳಿದುಕೊಳ್ಳಬೇಕು. 2020ರ ಲಾಕ್‌ಡೌನ್ ನಂತರ ಎರಡು ಮೂರು ವರ್ಷ ಬೆಂಗಳೂರಿನ ಎಷ್ಟೋ ಕಂಪನಿಗಳು ಮನುಷ್ಯರನ್ನು ಎದುರಿಗೆ ನೋಡದೆಯೇ ಕೆಲಸಕ್ಕೆ ತೆಗೆದುಕೊಂಡವು. ಆಗ ಒಂದು ಹೊಸ ಮೋಸ ಬೆಳೆಯಿತು. ಸಂದರ್ಶನಕ್ಕೆ ಕೂರುವವನು ಒಬ್ಬ, ಕೆಲಸಕ್ಕೆ ಬಂದು ಸೇರುವವನು ಇನ್ನೊಬ್ಬ. ಇಲ್ಲವೇ ತುಟಿ ಆಡಿಸುವವನು ಕ್ಯಾಮೆರಾ ಮುಂದೆ, ಉತ್ತರ ಹೇಳುವವನು ಪಕ್ಕದ ಕುರ್ಚಿಯಲ್ಲಿ. ಕದ್ದ ಗುರುತಿನ ದಾಖಲೆ ಮತ್ತು ನಕಲಿ ಮುಖದ ವಿಡಿಯೊ ಬಳಸಿ ಜನ ದೂರದ ಕೆಲಸಗಳಿಗೆ ಅರ್ಜಿ ಹಾಕುತ್ತಿದ್ದಾರೆ ಎಂದು ಅಮೆರಿಕದ ಎಫ್‌ಬಿಐ 2022ರ ಜೂನ್‌ನಲ್ಲೇ ಎಚ್ಚರಿಸಿತ್ತು. ಕನಿಷ್ಠ ಒಂದು ಸುತ್ತಾದರೂ ಎದುರಾಬದುರು ಇರುವಂತೆ ಮಾಡುತ್ತಿದ್ದೇವೆ ಎಂದು ಗೂಗಲ್‌ನ ಸುಂದರ್ ಪಿಚೈ 2025ರಲ್ಲಿ ಒಂದು ಪಾಡ್‌ಕಾಸ್ಟಿನಲ್ಲಿ ಹೇಳಿದರು. ದೊಡ್ಡವರು ಮಾಡಿದ್ದನ್ನು ಸಣ್ಣ ಕಂಪನಿಗಳೂ ಅನುಸರಿಸುತ್ತವೆ. ಪೀಣ್ಯದ ಕಾರ್ಖಾನೆಗೆ ಈ ಹೆದರಿಕೆಯ ಜೊತೆ ಇನ್ನೊಂದು ಕಾರಣವೂ ಇರುವ ಸಾಧ್ಯತೆ ಹೆಚ್ಚು. ಅಕೌಂಟ್ಸ್ ಹುದ್ದೆಗೆ ಬಂದವರನ್ನು ತಮ್ಮದೇ ಕಂಪ್ಯೂಟರಿನ ಮುಂದೆ ಕೂರಿಸಿ ಟ್ಯಾಲಿಯಲ್ಲಿ ನಾಲ್ಕು ಎಂಟ್ರಿ ಹಾಕಿಸಿ, ಎಕ್ಸೆಲ್‌ನಲ್ಲಿ ಒಂದು ವಿ-ಲುಕಪ್ ಮಾಡಿಸಿ ನೋಡುವುದು ಇಂಥ ಕಡೆ ವಾಡಿಕೆ. ಟೆಸ್ಟ್ ಇದೆಯೇ ಎಂದು ಫೋನಿನಲ್ಲೇ ಕೇಳಿ ಎಂದದ್ದು ಅದಕ್ಕೇ.

ಈ ಎರಡು ಕಾರಣಗಳಿಗೂ ಮೇಲ್‌ನಲ್ಲಿ ಉತ್ತರ ಇರಬೇಕು. ಸಾಮಾನ್ಯವಾಗಿ ಇಂಥ ಮೇಲ್‌ಗಳು ಇಂಗ್ಲಿಷಿನಲ್ಲೇ ಹೋಗುತ್ತವೆ, ಆದರೆ ಒಕ್ಕಣೆ ಹೀಗಿದ್ದರೆ ಸಾಕು:

"ಮಾನ್ಯರೇ, ಅಕೌಂಟ್ಸ್ ಎಕ್ಸಿಕ್ಯುಟಿವ್ ಹುದ್ದೆಯ ಸಂದರ್ಶನಕ್ಕೆ ಕರೆದದ್ದಕ್ಕೆ ಧನ್ಯವಾದಗಳು. ನಾನು ಸದ್ಯ ಕಲಬುರಗಿಯಲ್ಲಿ ಕೆಲಸದಲ್ಲಿದ್ದೇನೆ. ಶುಕ್ರವಾರ 20ಕ್ಕೆ ನಮ್ಮ ಗಿರಾಕಿಗಳ ಜಿಎಸ್‌ಟಿಆರ್-3ಬಿ ಸಲ್ಲಿಸಲು ಕೊನೆಯ ದಿನವಾದ್ದರಿಂದ ಅಂದು ಬೆಂಗಳೂರಿಗೆ ಬರಲು ಆಗುವುದಿಲ್ಲ. ಈ ಸುತ್ತನ್ನು ಅದೇ ದಿನ ಬೆಳಗ್ಗೆ 11ಕ್ಕೆ ವಿಡಿಯೊ ಮೂಲಕ ನಡೆಸಲು ಸಾಧ್ಯವೇ? ಒಂದು ಗಂಟೆ ಬಿಡುವು ಮಾಡಿಕೊಳ್ಳಬಲ್ಲೆ. ಟ್ಯಾಲಿ ಅಥವಾ ಎಕ್ಸೆಲ್ ಪರೀಕ್ಷೆ ಇದ್ದರೆ ಸ್ಕ್ರೀನ್ ಶೇರ್ ಮಾಡಿ, ಕ್ಯಾಮೆರಾ ಆನ್ ಇಟ್ಟುಕೊಂಡೇ ಮಾಡುತ್ತೇನೆ. ಮುಂದಿನ ಸುತ್ತಿಗೆ ಆಯ್ಕೆಯಾದರೆ ಮೂಲ ದಾಖಲೆಗಳೊಂದಿಗೆ ಪೀಣ್ಯಕ್ಕೆ ಬರುತ್ತೇನೆ. ವಿಡಿಯೊ ಸಾಧ್ಯವಿಲ್ಲವಾದರೆ 23ರ ಸೋಮವಾರ ಖುದ್ದಾಗಿ ಬರಬಲ್ಲೆ. ಪ್ರಯಾಣದ ಟಿಕೆಟ್ ಮಾಡಿಸಬೇಕಿರುವುದರಿಂದ ಗುರುವಾರ ಸಂಜೆಯೊಳಗೆ ತಿಳಿಸಿದರೆ ಅನುಕೂಲ."

ಕೆಳಗೆ ಹೆಸರು, ಫೋನ್ ನಂಬರ್. ವಿಷಯದ ಸಾಲಿನಲ್ಲಿ ಹುದ್ದೆ, ದಿನ, 'ವಿಡಿಯೊ ಸಂದರ್ಶನಕ್ಕೆ ಕೋರಿಕೆ' ಎಂಬ ಮಾತು. ಕಂಪನಿಯಿಂದ ಬಂದ ಮೇಲ್‌ಗೇ ರಿಪ್ಲೈ ಒತ್ತಿ ಬರೆಯಬೇಕು. ಹೊಸ ಮೇಲ್ ಶುರು ಮಾಡಿದರೆ ಹಿಂದಿನದಕ್ಕೂ ಇದಕ್ಕೂ ಕೊಂಡಿ ತಪ್ಪಿ, ಎಚ್‌ಆರ್ ಕಡೆ ಹುಡುಕಾಟವಾಗುತ್ತದೆ.

ಈ ಮೇಲ್‌ನಲ್ಲಿ ಒಂದೊಂದು ಸಾಲಿಗೂ ಕೆಲಸವಿದೆ. ದಿನ, ಹೊತ್ತು ಬದಲಾಗಲಿಲ್ಲ. ಇದು ಬಹಳ ಮುಖ್ಯ, ಏಕೆಂದರೆ ಮೂರು ಜನರ ಪ್ಯಾನೆಲ್‌ನ ಬಿಡುವನ್ನು ಮತ್ತೊಮ್ಮೆ ಹೊಂದಿಸುವುದೇ ಎಚ್‌ಆರ್‌ಗೆ ತಲೆನೋವಿನ ಕೆಲಸ. ಹೊತ್ತು ಅದೇ ಆದರೆ ಆಕೆ ಮಾಡಬೇಕಾದ್ದು ಕ್ಯಾಲೆಂಡರಿನಲ್ಲಿ ಕೊಠಡಿಯ ಬದಲಿಗೆ ಒಂದು ಲಿಂಕ್ ಸೇರಿಸುವುದಷ್ಟೇ. ಪರೀಕ್ಷೆಯ ಮಾತನ್ನು ಅವರು ಎತ್ತುವ ಮೊದಲೇ ಇವಳು ಎತ್ತಿದ್ದಾಳೆ. ಮುಂದಿನ ಸುತ್ತಿಗೆ ಬರುತ್ತೇನೆ ಎಂದಿರುವುದರಿಂದ ಬೇರೆಯವರು ಬಂದು ಸೇರುವ ಭಯವೂ ಕಳೆಯಿತು. ಹತ್ತು ಜನರನ್ನು ಕರೆದು ಇಬ್ಬರನ್ನು ಮುಂದಿನ ಸುತ್ತಿಗೆ ಆರಿಸುವ ಕಡೆ, ಆ ಇಬ್ಬರು ಮಾತ್ರ ಪ್ರಯಾಣ ಮಾಡುವುದು ಎರಡೂ ಕಡೆಯವರಿಗೆ ನ್ಯಾಯ.

ಇನ್ನು ಕಾರಣ. "ವೈಯಕ್ತಿಕ ಕಾರಣದಿಂದ" ಎಂದು ಬರೆಯುವವರೇ ಹೆಚ್ಚು, ಅಜ್ಜಿಗೆ ಹುಷಾರಿಲ್ಲ ಎಂದು ಬರೆಯುವವರೂ ಇದ್ದಾರೆ. ನಿಜವಾದ ಕಾರಣ ಇರುವಾಗ ಅದನ್ನು ಮುಚ್ಚಿಡುವುದು ಏಕೆ? ಅಕೌಂಟ್ಸ್ ಮ್ಯಾನೇಜರ್ ತಾನೂ ಪ್ರತಿ ತಿಂಗಳು 20ನೇ ತಾರೀಕು ಕಂಪ್ಯೂಟರ್ ಬಿಟ್ಟು ಏಳಲಾಗದವರೇ. 3ಬಿ ಬಿಟ್ಟು ಸಂದರ್ಶನಕ್ಕೆ ಓಡಿಬರುವ ಅಕೌಂಟೆಂಟ್ ನಾಳೆ ತಮ್ಮ ಕೆಲಸವನ್ನೂ ಹಾಗೇ ಬಿಡಬಹುದು ಎಂದು ಅವರಿಗೆ ಗೊತ್ತು. ಬರಲಾಗದು ಎಂಬ ಸಾಲೇ ಇಲ್ಲಿ ಆಕೆಯ ಕೆಲಸದ ಗುಣವನ್ನು ಹೇಳುತ್ತಿದೆ. ಅಂಥ ಕೆಲಸದ ಕಾರಣ ಇಲ್ಲದವರಿಗೆ ದೂರದ ಊರು ಎಂಬುದೊಂದೇ ಪೂರ್ತಿ ಕಾರಣವಾಗಲಿ. ದುಡ್ಡಿಲ್ಲ, ಗೊತ್ತಿರುವವರು ಯಾರೂ ಇಲ್ಲ, ಮನೆಯಲ್ಲಿ ಒಬ್ಬಳೇ ಹೋಗಲು ಬಿಡುವುದಿಲ್ಲ ಎಂದೆಲ್ಲ ವಿವರಿಸಬೇಕಾಗಿಲ್ಲ. ಅದರಲ್ಲೂ ಕೊನೆಯ ಮಾತು ಅಪಾಯದ್ದು. ಸಂದರ್ಶನಕ್ಕೇ ಬಿಡದವರು ಕೆಲಸಕ್ಕೆ ಬಿಡುತ್ತಾರೆಯೇ ಎಂಬ ಪ್ರಶ್ನೆ ಎದ್ದೇ ಏಳುತ್ತದೆ.

ಆ ಪ್ರಶ್ನೆ ಬೇರೆ ರೂಪದಲ್ಲೂ ಇರುತ್ತದೆ. ಬೇರೆ ಊರಿನ ಅಭ್ಯರ್ಥಿ ವಿಡಿಯೊ ಕೇಳಿದ ಕೂಡಲೇ ಮ್ಯಾನೇಜರ್ ಮನಸ್ಸಿಗೆ ಬರುವುದು, ಇವರು ನಿಜಕ್ಕೂ ಬೆಂಗಳೂರಿಗೆ ಬಂದು ನೆಲೆಸುತ್ತಾರೆಯೇ ಅಥವಾ ಸುಮ್ಮನೆ ಕೇಳಿ ನೋಡುತ್ತಿದ್ದಾರೆಯೇ ಎಂಬ ಅನುಮಾನ. ನೌಕರಿ ತಾಣದ ಪ್ರೊಫೈಲಿನಲ್ಲಿ ಈಗಿರುವ ಊರು, ಕೆಲಸ ಬಯಸುವ ಊರು ಎಂದು ಎರಡು ಬೇರೆ ಬೇರೆ ಜಾಗಗಳಿವೆ. ಮೊದಲನೆಯದರಲ್ಲಿ ಕಲಬುರಗಿ, ಎರಡನೆಯದರಲ್ಲಿ ಬೆಂಗಳೂರು ಎಂದು ನೇರವಾಗಿ ತುಂಬಿ. ಕರೆ ಹೆಚ್ಚು ಬರಲಿ ಎಂದು ಎರಡರಲ್ಲೂ ಬೆಂಗಳೂರು ಹಾಕುವವರಿದ್ದಾರೆ. ಅಂಥವರು ವಿಡಿಯೊ ಕೇಳಿದ ಕ್ಷಣದಲ್ಲೇ ಸುಳ್ಳು ಹೊರಬೀಳುತ್ತದೆ, ಆಮೇಲೆ ಮೇಲ್ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ನೋಟಿಸ್ ಅವಧಿ ಮುಗಿದ ಮೇಲೆ ಬೆಂಗಳೂರಿಗೆ ಬರಲು ಸಿದ್ಧ ಎಂಬ ಸಾಲನ್ನು ರೆಸ್ಯೂಮ್ ಮೇಲ್ಭಾಗದಲ್ಲೇ ಬರೆದಿಟ್ಟರೆ ಅರ್ಧ ಅನುಮಾನ ಅಲ್ಲೇ ತೀರುತ್ತದೆ.

ಮೇಲ್ ಕಳಿಸಿದ ಮೇಲೆ ಬರುವ ಉತ್ತರಗಳಲ್ಲಿ ಕಷ್ಟದ್ದು ಮೌನ. ಬುಧವಾರ ಮಧ್ಯಾಹ್ನದವರೆಗೂ ಏನೂ ಬರದಿದ್ದರೆ ಅದೇ ನಂಬರಿಗೆ ಒಂದು ಫೋನ್ ಮಾಡಬೇಕು. ಮೇಲ್ ನೋಡಿದಿರಾ ಎಂದಷ್ಟೇ ಕೇಳಿ. ಮೇಲ್ ಹೋಗಿದೆ ಎಂದರೆ ಒಪ್ಪಿದ್ದಾರೆ ಎಂದು ತಿಳಿದುಕೊಂಡು ಶುಕ್ರವಾರ ಲಿಂಕಿಗಾಗಿ ಕಾಯುವುದು, ಅತ್ತ ಪ್ಯಾನೆಲ್ ಕೊಠಡಿಯಲ್ಲಿ ಇವರಿಗಾಗಿ ಕಾಯುವುದು, ಇದು ನಡೆಯುತ್ತಲೇ ಇರುವ ಎಡವಟ್ಟು. ಲಿಂಕ್ ಇರುವ ಹೊಸ ಆಹ್ವಾನ ಮೇಲ್‌ಗೆ ಬರುವವರೆಗೆ ಸಂದರ್ಶನ ಬದಲಾಗಿಲ್ಲ ಎಂದೇ ಲೆಕ್ಕ. ಫೋನಿನಲ್ಲಿ "ಆಯ್ತು, ನೋಡ್ತೀವಿ" ಎಂದದ್ದು ಒಪ್ಪಿಗೆಯಲ್ಲ.

ಆಗುವುದಿಲ್ಲ ಎಂದು ಬಂದರೆ? ಆಗಲೂ ಕೇಳಲು ಇನ್ನೂ ಎರಡು ವಿಷಯ ಉಳಿದಿರುತ್ತವೆ. ಸೋಮವಾರದ ದಿನ ಗೊತ್ತುಮಾಡಿಸಿಕೊಳ್ಳುವಾಗ, ಎಲ್ಲ ಸುತ್ತುಗಳನ್ನೂ ಅದೇ ದಿನ ಮುಗಿಸಲು ಆಗುತ್ತದೆಯೇ ಎಂದು ಕೇಳಬೇಕು. ಬೆಳಗ್ಗೆ ಟೆಸ್ಟ್ ಮತ್ತು ಮ್ಯಾನೇಜರ್, ಊಟದ ನಂತರ ಫೈನಾನ್ಸ್ ಹೆಡ್. ಊರಿನವರಾದರೆ ಮೂರು ದಿನ ಮೂರು ಸಲ ಬರಬಲ್ಲರು, ದೂರದವರಿಗೆ ಅದು ಮೂರು ರೈಲುಗಳ ಮಾತು. ಇದಕ್ಕೆ ಇಲ್ಲ ಎನ್ನುವವರು ಕಡಿಮೆ. ಎರಡನೆಯದು ಪ್ರಯಾಣ ವೆಚ್ಚ. ಸಾರ್ವಜನಿಕ ವಲಯದ ಉದ್ದಿಮೆಗಳು ಸಾಮಾನ್ಯವಾಗಿ ಕರೆಪತ್ರದಲ್ಲೇ ಅದರ ನಿಯಮ ಬರೆದಿರುತ್ತವೆ, ಟಿಕೆಟ್ ತೋರಿಸಿದರೆ ಕೊಡುತ್ತವೆ. ಖಾಸಗಿ ಕಾರ್ಖಾನೆಗಳಲ್ಲಿ ಈ ಮಟ್ಟದ ಹುದ್ದೆಗೆ ಕೊಡುವುದು ಅಪರೂಪ. ಮೊದಲ ಸುತ್ತಿಗೆ ಕೇಳದೆ, ಕೊನೆಯ ಸುತ್ತಿಗೆ ಕರೆದಾಗ ಕೇಳಿ ನೋಡಬಹುದು.

ಟಿಕೆಟ್ ಬಗ್ಗೆ ಒಂದು ಎಚ್ಚರಿಕೆ. ಸೋಮವಾರ ಬೆಳಗ್ಗೆ ಬೆಂಗಳೂರಿನಲ್ಲಿರಬೇಕಾದರೆ ಭಾನುವಾರ ರಾತ್ರಿ ರೈಲು ಹತ್ತಬೇಕು. ಆ ದಿನದ ತತ್ಕಾಲ್ ಶನಿವಾರ ತೆರೆಯುತ್ತದೆ, ಎಸಿಗೆ ಬೆಳಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ. ಕನ್ಫರ್ಮ್ ಆದ ತತ್ಕಾಲ್ ಟಿಕೆಟ್ ರದ್ದು ಮಾಡಿದರೆ ಒಂದು ರೂಪಾಯಿಯೂ ವಾಪಸ್ ಬರುವುದಿಲ್ಲ. ಸಂದರ್ಶನ ಖಚಿತ ಎಂಬ ಮೇಲ್ ಕೈಗೆ ಬರದೆ ಅದನ್ನು ಮಾಡಿಸಬಾರದು. ಗುರುವಾರ ಸಂಜೆಯೊಳಗೆ ತಿಳಿಸಿ ಎಂದು ಬರೆದದ್ದರ ಹಿಂದೆ ಇರುವುದು ಈ ಲೆಕ್ಕ. ಹಸಿರು ಮಾರ್ಗದ ಮೆಟ್ರೊ ಯಶವಂತಪುರದಿಂದ ಪೀಣ್ಯಕ್ಕೆ ನೇರವಾಗಿ ಹೋಗುವುದರಿಂದ ಊರೊಳಗಿನ ಓಡಾಟ ಮಾತ್ರ ಅಷ್ಟು ಕಷ್ಟವಲ್ಲ.

ವಿಡಿಯೊಗೆ ಒಪ್ಪಿದರು ಎಂದುಕೊಳ್ಳೋಣ. ಆಗ ಕೇಳಿ ಪಡೆದವರ ಮೇಲೆ ಒಂದು ಹೊಣೆ ಬೀಳುತ್ತದೆ. ಕಂಪನಿಯೇ ವಿಡಿಯೊ ಇಟ್ಟಿದ್ದಾಗ ಸಂಪರ್ಕ ಕಡಿದರೆ ಸಹಿಸಿಕೊಳ್ಳುತ್ತಾರೆ, ನೀವು ಕೇಳಿದ್ದಕ್ಕೆ ಇಟ್ಟಾಗ ಅದೇ ತೊಂದರೆ ನಿಮ್ಮ ಲೆಕ್ಕಕ್ಕೆ ಹೋಗುತ್ತದೆ. ಕರೆಂಟ್ ಹೋದರೆ ವೈಫೈ ಪೆಟ್ಟಿಗೆಯೂ ಆರುತ್ತದೆ, ಆದ್ದರಿಂದ ಬೇರೆ ಕಂಪನಿಯ ಸಿಮ್ ಇರುವ ಒಂದು ಮೊಬೈಲ್ ಹಾಟ್‌ಸ್ಪಾಟ್‌ಗೆ ಸಿದ್ಧವಿರಲಿ, ಲ್ಯಾಪ್‌ಟಾಪ್ ತುಂಬ ಚಾರ್ಜ್ ಆಗಿರಲಿ. ಹಿಂದಿನ ಸಂಜೆ ಅದೇ ಲ್ಯಾಪ್‌ಟಾಪಿನಲ್ಲಿ, ಅದೇ ಜಾಗದಲ್ಲಿ ಕೂತು ಗೆಳತಿಗೊಂದು ಕರೆ ಮಾಡಿ ಸ್ಕ್ರೀನ್ ಶೇರ್ ಆಗುತ್ತದೆಯೇ ನೋಡಬೇಕು. ಮೊದಲ ಸಲ ಶೇರ್ ಮಾಡುವಾಗ ಲ್ಯಾಪ್‌ಟಾಪ್ ಅನುಮತಿ ಕೇಳುತ್ತದೆ, ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅನುಮತಿ ಕೊಟ್ಟ ಮೇಲೆ ಆ್ಯಪ್ ಮುಚ್ಚಿ ತೆರೆಯಬೇಕಾಗುತ್ತದೆ. ಪ್ಯಾನೆಲ್ ಎದುರು ಇದನ್ನು ಮಾಡುತ್ತ ಕೂತರೆ ಕೈ ನಡುಗುತ್ತದೆ. ಪರದೆಯ ಮೇಲೆ ಕಾಣುವ ಹೆಸರು ಆಧಾರ್‌ನಲ್ಲಿ ಇರುವುದೇ ಆಗಿರಲಿ. ಅಣ್ಣನ ಲ್ಯಾಪ್‌ಟಾಪಿನಿಂದ ಅಣ್ಣನ ಹೆಸರಿನಲ್ಲಿ ಒಳಬಂದರೆ, ಮೋಸದ ಭಯದಲ್ಲಿರುವ ಪ್ಯಾನೆಲ್‌ಗೆ ಮೊದಲ ನೋಟದಲ್ಲೇ ಅನುಮಾನ ಹತ್ತುತ್ತದೆ.

ಆಫೀಸಿನ ಮೇಜಿನಲ್ಲಿ ಕೂತು ಕೊಡಬಾರದು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಆ ಒಂದು ಗಂಟೆಗೆ ಮನೆಗೆ ಹೋಗಿಬರುವುದು ಒಳ್ಳೆಯದು. ಪ್ಯಾನೆಲ್ ಗಮನಿಸುವುದು ಮುಖ್ಯವಾಗಿ ಕಣ್ಣನ್ನು. ಪ್ರಶ್ನೆ ಕೇಳಿದಾಗಲೆಲ್ಲ ನೋಟ ಒಂದೇ ಮೂಲೆಗೆ ಹೋಗಿ ಬರುತ್ತಿದ್ದರೆ ಅಲ್ಲಿ ಯಾರೋ ಇದ್ದಾರೆ ಅಥವಾ ಏನೋ ಬರೆದಿಟ್ಟಿದೆ ಎಂದುಕೊಳ್ಳುತ್ತಾರೆ. ಟಿಪ್ಪಣಿ ನೋಡಬೇಕೆನಿಸಿದರೆ "ಸರ್, ಒಂದು ಲೆಕ್ಕ ಬರೆದುಕೊಂಡು ಹೇಳ್ತೀನಿ" ಎಂದು ಹೇಳಿಯೇ ಬರೆದುಕೊಳ್ಳಬಹುದು. ಕೊಠಡಿ ಸುತ್ತ ಕ್ಯಾಮೆರಾ ತಿರುಗಿಸಿ ತೋರಿಸಿ ಎಂದರೆ ಅವಮಾನವೆಂದು ತಿಳಿಯಬಾರದು. ಇನ್ನೊಂದು ಸಣ್ಣ ಸಂಗತಿ: ಕೆಲವು ಸಣ್ಣ ಕಂಪನಿಗಳು ಝೂಮ್‌ನ ಉಚಿತ ಖಾತೆ ಬಳಸುತ್ತವೆ, ಅದರಲ್ಲಿ ಸಭೆ 40 ನಿಮಿಷಕ್ಕೆ ತಾನಾಗಿ ಮುಗಿಯುತ್ತದೆ. ಮಾತಿನ ನಡುವೆ ಪರದೆ ಕಪ್ಪಾದರೆ ತಿರಸ್ಕರಿಸಿದರೆಂದು ಕಂಗಾಲಾಗದೆ, ಅದೇ ಲಿಂಕ್ ಮತ್ತೆ ಒತ್ತಿ, ಎಚ್‌ಆರ್‌ಗೆ ಒಂದು ಮೆಸೇಜ್ ಹಾಕಿದರೆ ಆಯಿತು. ದುಬೈಯಲ್ಲಿರುವ ಕನ್ನಡಿಗರು ಇಂಥ ಕೋರಿಕೆ ಬರೆಯುವಾಗ ಭಾರತದ ಹೊತ್ತು ಎಂದು ಬಿಡಿಸಿಯೇ ಬರೆಯಬೇಕು, ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದಿದೆ.

ವಿಡಿಯೊ ಕೇಳಲೇಬಾರದ ಕಡೆಗಳೂ ಇವೆ. ಯುಪಿಎಸ್‌ಸಿಯ ವ್ಯಕ್ತಿತ್ವ ಪರೀಕ್ಷೆಗೆ ದೆಹಲಿಯ ಧೋಲ್ಪುರ್ ಹೌಸ್‌ಗೇ ಹೋಗಬೇಕು. 2020ರ ಕೋವಿಡ್ ಕಾಲದಲ್ಲೂ ಆಯೋಗ ಅಭ್ಯರ್ಥಿಗಳಿಗೆ ವಿಮಾನದ ಖರ್ಚು ಕೊಟ್ಟು ಕರೆಸಿಕೊಂಡಿತೇ ಹೊರತು ವಿಡಿಯೊಗೆ ಹೋಗಲಿಲ್ಲ. ಅಲ್ಲಿ ಎಲ್ಲರಿಗೂ ಒಂದೇ ನಿಯಮ ಇರುವುದು ಸರಿ ಎಂದೇ ನನ್ನ ಅಭಿಪ್ರಾಯ. ಸಿಎನ್‌ಸಿ ಯಂತ್ರ ನಡೆಸುವವರು, ಡೆಮೊ ಕ್ಲಾಸ್ ಕೊಡಬೇಕಾದ ಶಿಕ್ಷಕರು, ಅಡುಗೆ ಮಾಡಿ ತೋರಿಸಬೇಕಾದವರು ಕೇಳಿದರೂ ಅರ್ಥವಿಲ್ಲ. ವಾಕ್-ಇನ್ ಎಂದು ಪ್ರಕಟಿಸಿದ್ದರೆ ಅದು ಬಂದವರಲ್ಲೇ ಅಂದೇ ಆರಿಸುವ ವ್ಯವಸ್ಥೆ, ಅದನ್ನು ಬದಲಿಸಲಾಗದು. ಬೇರೆ ದಿನ ಪ್ರತ್ಯೇಕವಾಗಿ ಕರೆಯುತ್ತೀರಾ ಎಂದಷ್ಟೇ ವಿಚಾರಿಸಬಹುದು.

ಮತ್ತು ಕೊನೆಯ ಸುತ್ತನ್ನೂ ವಿಡಿಯೊದಲ್ಲೇ ಮುಗಿಸಿ ಎಂದು ಅಭ್ಯರ್ಥಿ ತಾನಾಗಿ ಕೇಳುವುದು ನನಗೆ ಒಪ್ಪಿಗೆಯಿಲ್ಲ. ಊರು ಬಿಟ್ಟು ಬಂದು ವರ್ಷಗಟ್ಟಲೆ ಇರಬೇಕಾದ ಜಾಗವನ್ನು ಸೇರುವ ಮೊದಲು ಒಮ್ಮೆ ಕಣ್ಣಾರೆ ನೋಡಬೇಕು. ಅಕೌಂಟ್ಸ್ ವಿಭಾಗ ಕಾರ್ಖಾನೆಯ ಯಾವ ಮೂಲೆಯಲ್ಲಿದೆ, ಹೆಣ್ಣುಮಕ್ಕಳು ಎಷ್ಟು ಜನ ಇದ್ದಾರೆ, ಸಂಜೆ ಏಳಕ್ಕೆ ಆಫೀಸಿನಲ್ಲಿ ಇನ್ನೂ ಯಾರಾರು ಕೂತಿದ್ದಾರೆ, ಮೆಟ್ರೊ ಸ್ಟೇಷನ್ನಿನಿಂದ ಗೇಟಿನವರೆಗಿನ ದಾರಿಗೆ ದೀಪವಿದೆಯೇ, ಹತ್ತಿರದಲ್ಲಿ ಪಿಜಿಗಳು ಹೇಗಿವೆ, ಇದೊಂದೂ ಕ್ಯಾಮೆರಾದಲ್ಲಿ ಕಾಣುವುದಿಲ್ಲ. ಮೊದಲ ಸುತ್ತಿನಲ್ಲಿ ಉಳಿಸಿದ ಎರಡು ರಾತ್ರಿಗಳನ್ನು ಈ ಒಂದು ಭೇಟಿಗೆ ಖರ್ಚು ಮಾಡಿದರೆ ನಷ್ಟವಿಲ್ಲ.

ವಿಡಿಯೊವೂ ಆಗದು, ಸೋಮವಾರವೂ ಆಗದು ಎಂದು ಕಂಪನಿ ಖಡಾಖಂಡಿತವಾಗಿ ಹೇಳಿ, ಈಕೆಗೂ ಬರಲು ಆಗದಿದ್ದರೆ ಗುರುವಾರ ಸಂಜೆಯೊಳಗೆ ಎರಡು ಸಾಲಿನ ಮೇಲ್ ಹೋಗಬೇಕು: ಅಂದು ಬರಲಾಗುತ್ತಿಲ್ಲ, ಮುಂದೆ ಇಂಥ ಹುದ್ದೆ ಖಾಲಿಯಾದಾಗ ದಯವಿಟ್ಟು ಪರಿಗಣಿಸಿ. ಎಚ್‌ಆರ್‌ಗೆ ಆ ಹನ್ನೊಂದು ಗಂಟೆಯ ಹೊತ್ತನ್ನು ಇನ್ನೊಬ್ಬರಿಗೆ ಕೊಡಲು ಆಗುತ್ತದೆ, ಪಟ್ಟಿಯಲ್ಲಿ ಇವಳ ಹೆಸರಿನ ಮುಂದೆ 'ಬರಲಿಲ್ಲ' ಎಂಬುದರ ಬದಲು 'ತಿಳಿಸಿದ್ದಾರೆ' ಎಂದು ಬೀಳುತ್ತದೆ. ಅಕೌಂಟ್ಸ್ ವಿಭಾಗದಲ್ಲಿ ಜನ ಬಿಡುವುದು, ಸೇರುವುದು ನಡೆದೇ ಇರುತ್ತದೆ. ಆರು ತಿಂಗಳ ನಂತರ ಅದೇ ಹುದ್ದೆ ಮತ್ತೆ ಖಾಲಿಯಾದಾಗ ಎಚ್‌ಆರ್ ಮೊದಲು ತೆರೆಯುವುದು ಆ ಹಳೆಯ ಪಟ್ಟಿಯನ್ನೇ.